ಅಧ್ಯಾಯ ಮೂಡದಿದ್ದರೆ ಮೊದಲ ಸಾಲು ನೋಡಿ

> "ಯೂಟ್ಯೂಬ್ ವಿವರಣೆಯಲ್ಲಿ 0:20ರಿಂದ ಸಮಯ ಹಾಕಿದ್ದೀನಿ. ಒತ್ತಿದ್ರೆ ಅಲ್ಲಿಗೇ ಹೋಗುತ್ತೆ, ಆದ್ರೆ ಕೆಳಗಿನ ಗೆರೆ ತುಂಡಾಗಿಲ್ಲ. ಯಾಕೆ?"

ತೊಡಕಿರುವುದು ಆ 0:20ರಲ್ಲೇ ಸರ್. ಸಮಯ ಬರೆದರೆ ಕೊಂಡಿಯೇನೋ ಆಗುತ್ತದೆ, ಆದರೆ ಗೆರೆ ತುಂಡಾಗಿ ಅಧ್ಯಾಯಗಳಾಗಲು ಮೊದಲ ಸಾಲು 0:00 ಇರಲೇಬೇಕು. ಕನಿಷ್ಠ ಮೂರು ಸಾಲು ಬೇಕು, ಸಮಯ ಏರಿಕೆಯಲ್ಲಿರಬೇಕು, ಪ್ರತಿ ಭಾಗ 10 ಸೆಕೆಂಡಿಗಿಂತ ಚಿಕ್ಕದಾಗಬಾರದು. ಸಾರಿನ ವಿಡಿಯೊ ಆದರೆ ಹೀಗೆ:

```
0:00 ಬೇಕಾದ ಸಾಮಾನು
0:20 ಬೇಳೆ ಬೇಯಿಸುವುದು
3:10 ಒಗ್ಗರಣೆ
```

ಹೆಸರನ್ನು ಚಿಕ್ಕದಾಗಿಡಿ, ಮೊಬೈಲಿನಲ್ಲಿ ಉದ್ದದ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. "ಭಾಗ 2" ಎನ್ನುವುದಕ್ಕಿಂತ "ಒಗ್ಗರಣೆ" ಎಂದರೆ, ಅದಷ್ಟೇ ಬೇಕಾದವರು ನೇರ ಅಲ್ಲಿಗೆ ಹಾರುತ್ತಾರೆ. ಆಗ ಯೂಟ್ಯೂಬ್ ಸ್ಟುಡಿಯೊದ ವೀಕ್ಷಣೆಯ ಗ್ರಾಫ್ 3:10ರ ಹತ್ತಿರ ಮೇಲೇಳಬಹುದು, ನಡುವಿನ ಭಾಗ ತಗ್ಗಬಹುದು. ಅದನ್ನು ನೋಡಿ ಅಧ್ಯಾಯ ತೆಗೆದುಬಿಡಬೇಡಿ.