ಎಂಎಲ್‌ಎಂ ನಿಷೇಧದ ನೋಟಿಸಿನಲ್ಲಿ ನಾನು ಸೇರಿಸಿದ ಮೂರು ಪದ

ಪ್ರಶ್ನೆ: ನಮ್ಮ ಲೇಔಟ್ ವಾಟ್ಸಾಪ್ ಗ್ರೂಪಿನಲ್ಲಿ ಎಂಎಲ್‌ಎಂ, ಪೇಯ್ಡ್ ಪ್ರಮೋಷನ್ ಜಾಸ್ತಿ ಆಗಿದೆ. ಯಾರಿಗೂ ಬೇಜಾರಾಗದ ಹಾಗೆ ನೋಟಿಸ್ ಬರೆಯೋದು ಹೇಗೆ? ಮೂರು ವಾರ್ನಿಂಗ್ ಸಾಕಾ?

ಮೈಸೂರಿನ ಒಂದು ಲೇಔಟ್ ಗ್ರೂಪಿಗೆ ನಾನು ನಾಲ್ಕು ವರ್ಷ ಅಡ್ಮಿನ್ ಆಗಿದ್ದೆ. ಇನ್ನೂರಕ್ಕೂ ಜಾಸ್ತಿ ಜನ. ನಾನು ಹಾಕಿದ ಮೊದಲ ನೋಟಿಸ್ ಒಂದೇ ಸಾಲು: 'ಅಡ್ಮಿನ್ ಅನುಮತಿ ಇಲ್ಲದೆ ಯಾವುದೇ ಬಿಸಿನೆಸ್ ಪೋಸ್ಟ್ ಹಾಕಬಾರದು.' ಆ ಮೊದಲ ಮೂರು ಪದ ನನ್ನನ್ನು ಹಾಳು ಮಾಡಿದವು.

ಯಾಕೆ ಅಂದರೆ ಮಾರನೇ ದಿನವೇ ಎರಡನೇ ಕ್ರಾಸಿನ ಒಬ್ಬ ಆಂಟಿ ಫೋನ್ ಮಾಡಿದರು. 'ಸುಮ್ನೆ ಒಂದು ಫ್ರೀ ಹೆಲ್ತ್ ಚೆಕಪ್ ಅಪ್ಪಾ, ತೂಕ, ಕೊಬ್ಬು ಎಲ್ಲಾ ಮೆಷಿನ್‌ನಲ್ಲಿ ನೋಡ್ತಾರೆ, ಹಾಕಲಾ?' ಅಂದರು. ಫ್ರೀ ಅಲ್ವಾ, ಹಾಕಿ ಆಂಟಿ ಅಂದೆ. ಅವರು ಮೆಸೇಜಿನ ಕೊನೆಗೆ 'ಅಡ್ಮಿನ್ ಅನುಮತಿ ಪಡೆದಿದೆ' ಅಂತ ಸೇರಿಸಿ ಹಾಕಿದರು. ಅಲ್ಲಿಗೆ ಅದು ಅವರ ಮಾತಾಗಿ ಉಳಿಯಲಿಲ್ಲ, ಗ್ರೂಪಿನ ಮಾತಾಯಿತು. ಚೆಕಪ್‌ಗೆ ಹೋದವರಿಗೆ ಡಬ್ಬದ ಪೌಡರ್, ಆಮೇಲೆ ಭಾನುವಾರದ ಜೂಮ್ ಮೀಟಿಂಗ್, ಆಮೇಲೆ 'ನೀವೂ ಇಬ್ಬರನ್ನು ಸೇರಿಸಿ.' ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುತ್ತಿದ್ದ ರಿಟೈರ್ಡ್ ಅಂಕಲ್ ಸೊಸೆಯ ಹೆಸರಿನಲ್ಲಿ ಹದಿನೆಂಟು ಸಾವಿರದ ಮಾಲು ತೆಗೆದುಕೊಂಡರು. ಆರು ತಿಂಗಳಾದ ಮೇಲೆ ಅವರ ಮನೆಗೆ ಹೋದರೆ ಮಂಚದ ಕೆಳಗೆ ಡಬ್ಬಗಳ ಸಾಲು. ಒಂದನ್ನು ಎತ್ತಿ ಎಕ್ಸ್‌ಪೈರಿ ಡೇಟ್ ತೋರಿಸಿ 'ನೀನು ಓಕೆ ಅಂದಿದ್ದೆ ಅಂತ ತಗೊಂಡೆ ಕಣಯ್ಯಾ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪದಗಳಿಲ್ಲದೆ ಬರೀ 'ಹಾಕಬಾರದು' ಅಂತಿದ್ದಿದ್ದರೆ ಆಂಟಿ ನನ್ನನ್ನು ಕೇಳುತ್ತಲೇ ಇರಲಿಲ್ಲ. ಅನುಮತಿ ಕೊಡುವ ಅಧಿಕಾರ ಇಟ್ಟುಕೊಂಡವನು, ಕೊಟ್ಟ ಪ್ರತಿಯೊಂದಕ್ಕೂ ಜಾಮೀನು ನಿಂತ ಹಾಗೆ.

ಎರಡನೇ ಸಲ ಕೋಪದಲ್ಲಿ 'ಎಂಎಲ್‌ಎಂ ಕಾನೂನುಬಾಹಿರ' ಅಂತ ಬರೆದೆ. ಅದೂ ಎಡವಟ್ಟು. 'ನಮ್ದು ಎಂಎಲ್‌ಎಂ ಅಲ್ಲ, ಡೈರೆಕ್ಟ್ ಸೆಲ್ಲಿಂಗ್' ಅಂತ ಒಬ್ಬರು ಜಗಳಕ್ಕೆ ನಿಂತರು. ಡೈರೆಕ್ಟ್ ಸೆಲ್ಲಿಂಗ್ ನಿಜವಾಗಿಯೂ ಕಾನೂನಿಗೆ ವಿರುದ್ಧವಲ್ಲ. ಅದಕ್ಕೆ ಕೇಂದ್ರದ 2021ರ ನಿಯಮಗಳೇ ಇವೆ. ಅವು ತಡೆಯೋದು ಪಿರಮಿಡ್ ಸ್ಕೀಮನ್ನು, ಅಂದರೆ ಜನರನ್ನು ಸೇರಿಸಿದ್ದಕ್ಕೇ ಲಾಭ ಸಿಗುವ ಜಾಲವನ್ನು. ಹಣ ಸುತ್ತಿಸುವ ಸ್ಕೀಮುಗಳಿಗೆ 1978ರಿಂದಲೇ ನಿಷೇಧದ ಕಾಯ್ದೆ ಇದೆ. ಯಾವುದು ಯಾವುದಕ್ಕೆ ಸೇರುತ್ತೆ ಅಂತ ತೀರ್ಮಾನಿಸೋದು ಅಡ್ಮಿನ್ ಕೆಲಸ ಅಲ್ಲ. 'ಕಾನೂನು' ಅನ್ನೋ ಪದವನ್ನೇ ಬಿಡಿ, 'ಈ ಗ್ರೂಪಿನಲ್ಲಿ ಬೇಡ' ಅನ್ನಿ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ಅಲ್ಲಿಗೆ ಮುಗಿಯುತ್ತೆ.

ಕೊನೆಗೆ ನಿಂತ ನೋಟಿಸ್ ಇದು, ಬೇಕಿದ್ದರೆ ಹಾಗೇ ತಗೊಳ್ಳಿ:

'ಬೇರೆಯವರನ್ನು ಸೇರಿಸಿದರೆ ಹಣ ಅಥವಾ ಕಮಿಷನ್ ಸಿಗುವ ಯಾವ ಕೆಲಸದ ಬಗ್ಗೆಯೂ ಇಲ್ಲಿ ಪೋಸ್ಟ್ ಬೇಡ. ಫ್ರೀ ಚೆಕಪ್, ಜೂಮ್ ಮೀಟಿಂಗ್, "ಆಸಕ್ತರು ಮೆಸೇಜ್ ಮಾಡಿ" ಎಲ್ಲವೂ ಇದರಲ್ಲಿ ಸೇರಿವೆ. ಹಣ ಅಥವಾ ವಸ್ತು ಪಡೆದು ಯಾರನ್ನೂ ಹೊಗಳುವಂತಿಲ್ಲ. ಇಲ್ಲಿಂದ ನಂಬರ್ ತೆಗೆದುಕೊಂಡು ಪರ್ಸನಲ್ ಆಗಿ ಕೇಳಿದರೂ ಇದೇ ನಿಯಮ. ಮೊದಲ ಸಲ ಪೋಸ್ಟ್ ಡಿಲೀಟ್. ಎರಡನೇ ಸಲ ಗ್ರೂಪಿನಿಂದ ಹೊರಗೆ. ಅಡ್ಮಿನ್‌ಗಳಿಗೂ ವಿನಾಯಿತಿ ಇಲ್ಲ.'

ಪರ್ಸನಲ್ ಮೆಸೇಜಿನ ಸಾಲು ಮರೆಯಬೇಡಿ. ಗ್ರೂಪಿನಲ್ಲಿ ಬಾಗಿಲು ಮುಚ್ಚಿದ ತಕ್ಷಣ ಅವರು ಅಲ್ಲಿಗೇ ಹೋಗ್ತಾರೆ. ಕೊನೆಯ ಸಾಲು ಯಾಕೆ ಅಂದರೆ, ಒಂದು ಇಂಟೀರಿಯರ್ ಅಂಗಡಿಯವರು ಗಣೇಶೋತ್ಸವಕ್ಕೆ ಎರಡು ಸಾವಿರ ಕೊಟ್ಟು ನಮ್ಮಿಂದಲೇ ಪೋಸ್ಟ್ ಹಾಕಿಸಿದ್ದರು. ಚಂದಾ ಅಂತ ರಸೀದಿ ಹರಿದರೂ ಅದು ಪೇಯ್ಡ್ ಪ್ರಮೋಷನ್ನೇ. ಮನೆಯಲ್ಲಿ ಹೋಳಿಗೆ ಮಾಡಿ ಮಾರುವವರಿಗೆ ನಾವು ಬೇರೆ ಗ್ರೂಪ್ ಮಾಡಿಕೊಟ್ಟೆವು.

ಮೂರು ವಾರ್ನಿಂಗ್ ಬೇಡ. ಅವರಿಗೆ ಅದು ಮೂರು ಪೋಸ್ಟ್ ಅಷ್ಟೇ, ಇನ್ನೂರು ಮನೆಗೆ ಮೂರು ಸಲ ಮುಟ್ಟುತ್ತೆ. ಡಿಲೀಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, 'ನಾನು ಹಾಕೇ ಇಲ್ಲ' ಅನ್ನೋರು ಸಿಗ್ತಾರೆ. ಇನ್ನೊಂದು, ಶಿಕ್ಷೆ ಜಾರಿ ಆಗಬೇಕಾದರೆ ನೀರು, ಕರೆಂಟ್ ಸುದ್ದಿಗೆ ಅಡ್ಮಿನ್ ಮಾತ್ರ ಬರೆಯುವ ಪ್ರತ್ಯೇಕ ಗ್ರೂಪ್ ಇರಬೇಕು. ಮೊದಲು ನಮ್ಮಲ್ಲಿ ಅದಿರಲಿಲ್ಲ. ಯಾರನ್ನು ತೆಗೆದರೂ 'ಟ್ಯಾಂಕರ್ ವಿಷಯ ಗೊತ್ತಾಗಲಿಲ್ಲ' ಅಂತ ಎರಡೇ ದಿನಕ್ಕೆ ವಾಪಸ್ ಸೇರಿಸಬೇಕಾಗುತ್ತಿತ್ತು.

ಯಾರಿಗೂ ಬೇಜಾರಾಗದ ನೋಟಿಸ್ ಅಂತೀರಲ್ಲ, ಅದು ಇಲ್ಲ. ಎರಡನೇ ಸಲ ಹಾಕಿದಾಗ ಆಂಟಿಯನ್ನೂ ತೆಗೆದೆ. ಎದುರು ಸಿಕ್ಕರೆ ಈಗಲೂ ಮುಖ ತಿರುಗಿಸ್ತಾರೆ. ನಲ್ಲಿಯಲ್ಲಿ ನೀರು ಬರದ ದಿನ ಮಾತ್ರ ಫೋನ್ ಮಾಡ್ತಾರೆ.