ಎರಡು ಕಾಗದ ತಾಳೆಯಾಗದಿದ್ದಾಗ ಗ್ರಾಹಕರಿಗೆ ಏನೆಂದು ಬರೆಯುವುದು?

ಪ್ರಶ್ನೆ: ಪುಣೆಯ ಒಂದು ವಿಮಾ ಕಚೇರಿಯ ಆರೋಗ್ಯ ಕ್ಲೇಮ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಫಾರಂನಲ್ಲಿ ಬರೆದದ್ದಕ್ಕೂ ಆಸ್ಪತ್ರೆಯ ಕಾಗದಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಸ್ಪಷ್ಟನೆ ಕೇಳಿ ಪತ್ರ ಬರೆಯಬೇಕು. ನಾನು ಬರೆದ ಪತ್ರ ಓದಿದವರು “ನಮ್ಮನ್ನು ಕಳ್ಳರೆಂದುಕೊಂಡಿದ್ದೀರಾ” ಎಂದು ಫೋನ್ ಮಾಡಿ ಜಗಳವಾಡುತ್ತಾರೆ. ಹೇಗೆ ಬರೆಯಬೇಕು?

ಉತ್ತರ: ಮುಂಬೈಯಲ್ಲಿ ಇದೇ ಕೆಲಸದಲ್ಲಿ ಹದಿನೆಂಟು ವರ್ಷ ಕಳೆದಿದ್ದೇನೆ. ಆ ಜಗಳದ ಫೋನು ನನಗೂ ಬಂದಿದೆ. ಮೊದಲ ವರ್ಷ ನಾನು ಬರೆದ ಒಂದು ಪತ್ರದಲ್ಲಿ “ತಾವು ಫಾರಂನಲ್ಲಿ ತಪ್ಪು ಮಾಹಿತಿ ನೀಡಿರುವುದು ಕಂಡುಬಂದಿದೆ” ಎಂಬ ವಾಕ್ಯವಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟುಕೊಂಡು ಒಬ್ಬ ಹಿರಿಯರು ಕಚೇರಿಗೇ ಬಂದು, ಆ ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ನನ್ನ ಮಗನ ಎದುರು ಓದಿ ಹೇಳು” ಎಂದರು. ಓದಲು ನನಗೆ ಬಾಯಿ ಬರಲಿಲ್ಲ.

ಆ ವಾಕ್ಯದ ತೊಂದರೆ ಒರಟುತನವಲ್ಲ. ನನ್ನ ಕೈಯಲ್ಲಿದ್ದದ್ದು ಒಂದಕ್ಕೊಂದು ಹೊಂದದ ಎರಡು ಕಾಗದಗಳು ಮಾತ್ರ. ಯಾವುದು ಸರಿ, ಯಾವುದು ತಪ್ಪು ಎಂಬುದು ನನಗಿನ್ನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಬರೆದೆ. ಅಂಥ ವಾಕ್ಯಕ್ಕೆ “ದಯವಿಟ್ಟು”, “ಮಾನ್ಯರೇ” ಎಂದು ಎಷ್ಟು ಸೇರಿಸಿದರೂ ಅದು ಮೆತ್ತಗಾಗುವುದಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರು, ಐವತ್ತನಾಲ್ಕು ವರ್ಷ. ಎದೆನೋವು ಬಂದು ಆಂಜಿಯೋಪ್ಲಾಸ್ಟಿ ಆಯಿತು. ಹಣ ಕಟ್ಟಿ ಆಮೇಲೆ ಕ್ಲೇಮ್ ಹಾಕಿದರು. ಪಾಲಿಸಿ ಕೊಂಡು ಇಪ್ಪತ್ತು ತಿಂಗಳಾಗಿತ್ತು.

ಕ್ಲೇಮ್ ಫಾರಂನಲ್ಲಿ ಎರಡು ಭಾಗಗಳಿರುವುದು ನಿಮಗೆ ಗೊತ್ತೇ ಇದೆ. ‘ಎ’ ಭಾಗವನ್ನು ಪಾಲಿಸಿದಾರರು ತುಂಬುತ್ತಾರೆ, ‘ಬಿ’ ಭಾಗವನ್ನು ಆಸ್ಪತ್ರೆ. ಇವರು ‘ಎ’ ಭಾಗದಲ್ಲಿ ದಾಖಲಾದ ದಿನ 11 ಎಂದು ಬರೆದಿದ್ದರು, ಆಸ್ಪತ್ರೆ 12 ಎಂದಿತ್ತು. ಇದು ಸಣ್ಣ ವಿಷಯ. ರಾತ್ರಿ ಹನ್ನೊಂದೂವರೆಗೆ ತುರ್ತು ವಿಭಾಗಕ್ಕೆ ಹೋದವರ ಹೆಸರು ವಾರ್ಡಿನ ಪುಸ್ತಕದಲ್ಲಿ ಏರುವುದು ನಡುರಾತ್ರಿ ಕಳೆದ ಮೇಲೆಯೇ. ದಾಖಲಾತಿಯ ಸಮಯ ನೋಡಿದರೆ ನಿಮಗೇ ತಿಳಿಯುತ್ತದೆ. ಇದನ್ನು ಗ್ರಾಹಕರಿಗೆ ಬರೆದು ಕೇಳುವ ಅಗತ್ಯವೇ ಇಲ್ಲ. ನಾವೇ ಬಗೆಹರಿಸಿಕೊಳ್ಳಬಹುದಾದ್ದನ್ನೂ ಪತ್ರದಲ್ಲಿ ತುರುಕಿ ಏಳೆಂಟು ಪ್ರಶ್ನೆ ಮಾಡಿದರೆ, ಓದುವವರಿಗೆ ಅದು ಆರೋಪಪಟ್ಟಿಯಂತೆಯೇ ಕಾಣುತ್ತದೆ.

ಎರಡನೆಯದು ದೊಡ್ಡದು. ಮೊದಲೇ ಇದ್ದ ಕಾಯಿಲೆಗಳೇನಾದರೂ ಇವೆಯೇ ಎಂಬಲ್ಲಿ ಅವರು ಇಲ್ಲ ಎಂದಿದ್ದರು. ಡಿಸ್ಚಾರ್ಜ್ ಸಾರಾಂಶದಲ್ಲಿ ಮಾತ್ರ ‘ಎರಡು ವರ್ಷಗಳಿಂದ ರಕ್ತದೊತ್ತಡ’ ಎಂದು ಟೈಪಾಗಿತ್ತು. ಇಪ್ಪತ್ತು ತಿಂಗಳ ಪಾಲಿಸಿ, ಇಪ್ಪತ್ನಾಲ್ಕು ತಿಂಗಳ ಕಾಯಿಲೆ. ಅಂದರೆ ಪಾಲಿಸಿ ಕೊಳ್ಳುವಾಗಲೇ ಇತ್ತು, ಹೇಳಿರಲಿಲ್ಲ ಎಂದಾಗುತ್ತದೆ. ಕ್ಲೇಮ್ ಬಿದ್ದುಹೋಗಲು ಅಷ್ಟು ಸಾಕು.

ಒಳರೋಗಿಯ ಕೇಸ್ ಪೇಪರ್ ತರಿಸಿ ನೋಡಿದೆ. ಅಲ್ಲಿ ವೈದ್ಯರ ಕೈಬರಹದಲ್ಲಿ ಇದ್ದದ್ದು 2/12. ವೈದ್ಯರು ಅವಸರದಲ್ಲಿ ಬರೆಯುವ ಈ ರೂಢಿಯಲ್ಲಿ ಕೆಳಗಿನ ಅಂಕಿ ಅಳತೆಯನ್ನು ಹೇಳುತ್ತದೆ: 12 ಇದ್ದರೆ ತಿಂಗಳು, 52 ಇದ್ದರೆ ವಾರ, 7 ಇದ್ದರೆ ದಿನ. ಹಾಗಾಗಿ 2/12 ಎಂದರೆ ಎರಡು ತಿಂಗಳು. ಟೈಪ್ ಮಾಡಿದವರು ಅದನ್ನು ಎರಡು ವರ್ಷ ಮಾಡಿರಬೇಕು ಎಂದು ನನಗೆ ಅನ್ನಿಸಿತು. ಅನ್ನಿಸುವುದು ಬೇರೆ, ದಾಖಲೆ ಬೇರೆ. ಕೊನೆಗೆ ನಾನು ಬರೆದದ್ದು ಹೀಗೆ (ಅಧಿಕೃತ ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ. ನಮ್ಮ ಊರಿನವರಾದರೆ ಜೊತೆಗೊಂದು ಕನ್ನಡದ ಪುಟ ಇಡುವುದು ನನ್ನ ಅಭ್ಯಾಸ):

“ತಮ್ಮ ಕ್ಲೇಮಿನ ಕಾಗದಗಳನ್ನು ಪರಿಶೀಲಿಸುತ್ತಿದ್ದೇವೆ. ರಕ್ತದೊತ್ತಡ ಎಂದಿನಿಂದ ಇದೆ ಎಂಬ ಬಗ್ಗೆ ಮೂರು ಕಡೆ ಮೂರು ರೀತಿಯ ನಮೂದುಗಳಿವೆ. ಫಾರಂನ ‘ಎ’ ಭಾಗದಲ್ಲಿ ಹಿಂದಿನ ಕಾಯಿಲೆ ಇಲ್ಲವೆಂದೂ, ಡಿಸ್ಚಾರ್ಜ್ ಸಾರಾಂಶದಲ್ಲಿ ಎರಡು ವರ್ಷವೆಂದೂ, ಕೇಸ್ ಪೇಪರಿನಲ್ಲಿ 2/12 ಎಂದೂ ಇದೆ. ಇವು ತಾಳೆಯಾಗದೆ ನಾವು ಮುಂದಿನ ಹೆಜ್ಜೆ ಇಡಲಾಗುತ್ತಿಲ್ಲ. ರಕ್ತದೊತ್ತಡಕ್ಕೆ ಮೊದಲ ಬಾರಿ ಮಾತ್ರೆ ಬರೆದುಕೊಟ್ಟ ಚೀಟಿ ತಮ್ಮಲ್ಲಿದ್ದರೆ ಅದರ ಪ್ರತಿ ಕಳುಹಿಸಿ. ಇಲ್ಲದಿದ್ದರೆ ತಮ್ಮ ಕುಟುಂಬ ವೈದ್ಯರಿಂದ ಒಂದು ಪತ್ರ ಸಾಕು.”

ಗಮನಿಸಿ, ಇಲ್ಲಿ ‘ತಾವು’ ಯಾವ ತಪ್ಪಿಗೂ ಕರ್ತೃವಲ್ಲ. ಭಿನ್ನಾಭಿಪ್ರಾಯ ಇರುವುದು ಕಾಗದ ಕಾಗದಗಳ ನಡುವೆ. ‘ಮರೆಮಾಚುವಿಕೆ’, ‘ಸುಳ್ಳು’, ‘ಸಮರ್ಥನೆ’, ‘ಏಕೆ’ ಎಂಬ ಪದಗಳಿಲ್ಲ. “ಏಕೆ ಹೀಗೆ ಬರೆದಿರಿ” ಎಂದು ಕೇಳಿದರೆ ಉತ್ತರವಾಗಿ ಬರುವುದು ಕಥೆ. “ಯಾವ ಚೀಟಿ ಇದೆ” ಎಂದು ಕೇಳಿದರೆ ಚೀಟಿ ಬರುತ್ತದೆ.

ಇನ್ನೊಂದು ವಿಷಯವನ್ನು ಹೊಸಬರು ಅತಿ ಒಳ್ಳೆಯತನದಿಂದ ಕೆಡಿಸುತ್ತಾರೆ. 2/12 ಎಂದರೆ ಎರಡು ತಿಂಗಳು ಎಂಬುದು ನನಗೆ ಗೊತ್ತಿದ್ದರೂ ಅದನ್ನು ಪತ್ರದಲ್ಲಿ ಬರೆಯಲಿಲ್ಲ. ಬರೆದಿದ್ದರೆ ಅವರು “ಹೌದು, ಎರಡೇ ತಿಂಗಳು” ಎಂದು ಹೇಳಿ ಮುಗಿಸುತ್ತಿದ್ದರು, ಆ ಉತ್ತರಕ್ಕೆ ಬೆಲೆ ಇರುತ್ತಿರಲಿಲ್ಲ. ಉತ್ತರವನ್ನು ಬಾಯಿಗಿಡುವುದು ಸೌಜನ್ಯವಲ್ಲ. ಮುಂದೆ ಪ್ರಕರಣ ವಿಮಾ ಓಂಬುಡ್ಸ್‌ಮನ್ ಎದುರು ಹೋದರೆ (ಮುಂಬೈಯಲ್ಲೂ ನಿಮ್ಮ ಪುಣೆಯಲ್ಲೂ ಅವರ ಕಚೇರಿ ಇದೆ) ನಿಮ್ಮ ಪತ್ರವೂ ಕಡತದಲ್ಲಿರುತ್ತದೆ, ಅಲ್ಲಿ ಅದು ಯಾರ ಪರವಾಗಿಯೂ ವಾಲಿದಂತೆ ಕಾಣಬಾರದು.

ಅದೇ ಪತ್ರದಲ್ಲಿ ಇನ್ನೆರಡು ಸಾಲು ಸೇರಿಸಿದ್ದೆ. “ಸಾರಾಂಶದಲ್ಲಿ ತಿದ್ದುಪಡಿ ಬೇಕೆನಿಸಿದರೆ ಹಳೆಯದನ್ನು ಹಾಗೆಯೇ ಬಿಟ್ಟು, ವೈದ್ಯರು ತಿದ್ದುಪಡಿಯ ಪ್ರತ್ಯೇಕ ಪತ್ರವನ್ನು ದಿನಾಂಕ, ಸಹಿ, ನೋಂದಣಿ ಸಂಖ್ಯೆಯೊಂದಿಗೆ ಕೊಡಲಿ.” ಇದನ್ನು ಹೇಳದಿದ್ದರೆ ಏನಾಗುತ್ತದೆ ಎಂಬುದು ಅನುಭವದಿಂದ ಕಲಿತದ್ದು. ಪಾಪದ ಜನ ಗಾಬರಿಯಿಂದ ಆಸ್ಪತ್ರೆಗೆ ಓಡಿ, ಹಳೆಯ ದಿನಾಂಕದಲ್ಲೇ ಹೊಸ ಸಾರಾಂಶ ಟೈಪ್ ಮಾಡಿಸಿ ತರುತ್ತಾರೆ. ಆಗ ಒಬ್ಬ ರೋಗಿಗೆ ಎರಡು ಸಾರಾಂಶಗಳಾಗುತ್ತವೆ. ಅಲ್ಲಿಯವರೆಗೆ ಇಲ್ಲದ ಅನುಮಾನ ಆಗ ನಿಜವಾಗಿ ಹುಟ್ಟುತ್ತದೆ, ಹುಟ್ಟಿಸಿದ್ದು ನಮ್ಮ ಪತ್ರವೇ.

“ಈ ಪತ್ರ ಕಂಪನಿಯ ಹಕ್ಕುಗಳಿಗೆ ಬಾಧಕವಲ್ಲ” ಎಂಬ ಸಾಲನ್ನು ಕಾನೂನು ವಿಭಾಗದವರು ಬಿಡುವುದಿಲ್ಲ. ಇರಲಿ. ಆದರೆ ಅದನ್ನು ಮೊದಲ ಸಾಲಾಗಿ ದಪ್ಪಕ್ಷರದಲ್ಲಿ ಹಾಕಬೇಡಿ. ಕೊನೆಯಲ್ಲಿ, “ಇದು ಕ್ಲೇಮ್ ಒಪ್ಪಿದಂತೆಯೂ ಅಲ್ಲ, ನಿರಾಕರಿಸಿದಂತೆಯೂ ಅಲ್ಲ, ವಿವರ ಬಂದ ಮೇಲೆ ನಿರ್ಧರಿಸುತ್ತೇವೆ” ಎಂದು ಎರಡೂ ಕಡೆ ಹೇಳಿದರೆ ಓದುವವರು ಬೆದರುವುದಿಲ್ಲ. ಹಾಗೂ ನಿರಾಕರಣೆ ನಿಮ್ಮೊಬ್ಬರ ಕೈಯಲ್ಲೂ ಇಲ್ಲ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಆರೋಗ್ಯ ಕ್ಲೇಮ್ ತಿರಸ್ಕರಿಸಲು ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಪತ್ರದಲ್ಲೇ ಬೆದರಿಸುವುದರಿಂದ ಏನೂ ಸಿಗದು.

ಇದೆಲ್ಲ ಕಾಗದಗಳು ತಾಳೆಯಾಗದ ಪ್ರಕರಣಗಳಿಗೆ. ಒಂದೇ ಬಿಲ್ ನಂಬರು ಇಬ್ಬರು ರೋಗಿಗಳ ಕಡತದಲ್ಲಿ ಸಿಕ್ಕಿತು, ಅಥವಾ ಆ ವಿಳಾಸದಲ್ಲಿ ಆಸ್ಪತ್ರೆಯೇ ಇಲ್ಲ ಎಂದಾದರೆ ಸಿಹಿಯಾದ ಪತ್ರ ಬರೆಯುತ್ತ ಕೂರಬೇಡಿ. ಅದು ತನಿಖಾ ವಿಭಾಗದ ಕೆಲಸ.

ಹೋಟೆಲಿನವರು ಹತ್ತು ದಿನದೊಳಗೆ ಚೀಟಿ ಕಳುಹಿಸಿದರು, ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಮಡಚಿ ಇಟ್ಟದ್ದಂತೆ, ಎಣ್ಣೆಯ ಕಲೆ ಇತ್ತು. ಮೊದಲ ಮಾತ್ರೆ ಬರೆದದ್ದು ಆಸ್ಪತ್ರೆ ಸೇರುವ ಏಳು ತಿಂಗಳ ಹಿಂದೆ. ಎರಡು ವರ್ಷವೂ ಅಲ್ಲ, ಎರಡು ತಿಂಗಳೂ ಅಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿ ಎರಡು ತಿಂಗಳಾಗಿತ್ತು, ವೈದ್ಯರು ಅದನ್ನು ಬರೆದುಕೊಂಡಿದ್ದರು. ಪಾಲಿಸಿ ಕೊಂಡ ಮೇಲೆ ಬಂದ ಕಾಯಿಲೆ ಎಂಬುದು ಖಚಿತವಾಯಿತು, ಕ್ಲೇಮಿನ ಹಣ ಅವರ ಕೈಸೇರಿತು.