ಟ್ರಾನ್ಸಿಟ್ ರಿಮಾಂಡ್: ಮ್ಯಾಜಿಸ್ಟ್ರೇಟ್ ಮುಂದಿನ ಆ ಹತ್ತು ನಿಮಿಷದಲ್ಲಿ ಏನು ಕೇಳಬೇಕು

"ತಮ್ಮನನ್ನು ಬೆಂಗಳೂರಿನಲ್ಲಿ ಹೈದರಾಬಾದ್ ಪೊಲೀಸರು ಹಿಡಿದಿದ್ದಾರೆ. ಟ್ರಾನ್ಸಿಟ್ ರಿಮಾಂಡ್ ತಗೊಂಡು ಕರ್ಕೊಂಡು ಹೋಗ್ತೀವಿ ಅಂತಾರೆ. ಹಾಗಂದ್ರೇನು? ಇಲ್ಲೇ ಬೇಲ್ ಸಿಗಲ್ವಾ?"

ಮೊದಲು ಹಿಡಿದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಶನಿವಾರ ಸಂಜೆ 6ಕ್ಕೆ ಹಿಡಿದಿದ್ದರೆ, ಭಾನುವಾರ ಸಂಜೆ 6ರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಪ್ರಯಾಣದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ ರಜೆ ಅನ್ನೋ ನೆಪ ನಡೆಯಲ್ಲ, ಮ್ಯಾಜಿಸ್ಟ್ರೇಟ್ ಮನೆಗಾದರೂ ಕರೆದೊಯ್ಯಬೇಕು.

ಹೈದರಾಬಾದ್ ಕೋರ್ಟ್ ದೂರ. ಅದಕ್ಕೇ ಬೆಂಗಳೂರಿನ ಮ್ಯಾಜಿಸ್ಟ್ರೇಟ್ ಹತ್ತಿರ "ಅಲ್ಲಿಗೆ ಮುಟ್ಟಿಸೋಕೆ ಇಷ್ಟು ದಿನ ನಮ್ಮ ವಶದಲ್ಲಿರಲಿ" ಅಂತ ಪೊಲೀಸರು ಅರ್ಜಿ ಹಾಕುತ್ತಾರೆ. ಆ ಆದೇಶವೇ ಟ್ರಾನ್ಸಿಟ್ ರಿಮಾಂಡ್. ಅದು ದಾರಿಗಷ್ಟೇ. ವಿಚಾರಣೆಗೆ ಕಸ್ಟಡಿ ಬೇಕಾದರೆ ಅಲ್ಲಿನ ಕೋರ್ಟಲ್ಲಿ ಬೇರೆಯಾಗಿ ಕೇಳಬೇಕು.

ನಿಮ್ಮ ತಮ್ಮ ತಪ್ಪು ಮಾಡಿದ್ದಾನಾ ಇಲ್ವಾ ಅಂತ ಇಲ್ಲಿನ ಮ್ಯಾಜಿಸ್ಟ್ರೇಟ್ ಆಳವಾಗಿ ನೋಡಲ್ಲ. ಆದರೆ ಬರೀ ಸಹಿ ಹಾಕಿ ಕಳಿಸೋ ಕೆಲಸವೂ ಅಲ್ಲ ಅದು. 2018ರ ಆಗಸ್ಟ್ 28ರಂದು ಪುಣೆ ಪೊಲೀಸರು ದೆಹಲಿಯಲ್ಲಿ ಮಾನವ ಹಕ್ಕು ಹೋರಾಟಗಾರ ಗೌತಮ್ ನವಲಖಾ ಅವರನ್ನು ಬಂಧಿಸಿ ಟ್ರಾನ್ಸಿಟ್ ರಿಮಾಂಡ್ ಪಡೆದರು. ಪೊಲೀಸರ ಕಾಗದಗಳು ಬಹುಪಾಲು ಮರಾಠಿಯಲ್ಲಿದ್ದವು. ಓದಲಾಗದ ಕಾಗದ ಇಟ್ಟುಕೊಂಡು ಬಂಧನ ಸರಿಯೋ ತಪ್ಪೋ ಅಂತ ಮ್ಯಾಜಿಸ್ಟ್ರೇಟ್ ತೀರ್ಮಾನಿಸಿದ್ದು ಹೇಗೆ? ದೆಹಲಿ ಹೈಕೋರ್ಟ್ ಅದನ್ನೇ ಹಿಡಿದುಕೊಂಡು, ಅಕ್ಟೋಬರ್ 1ಕ್ಕೆ ಆ ಆದೇಶವನ್ನು ರದ್ದು ಮಾಡಿತು.

ನಿಮ್ಮ ಕೇಸಿನ ಎಫ್‌ಐಆರ್ ತೆಲುಗಿನಲ್ಲಿದ್ದರೆ ನಿಮ್ಮ ವಕೀಲರು ಇದೇ ಮಾತನ್ನು ಎತ್ತಲಿ. ನಾನು ಹೋದಾಗಲೆಲ್ಲ ಮೊದಲು ಕೇಳೋದು ಎಫ್‌ಐಆರ್ ಪ್ರತಿ, ಆಮೇಲೆ ಬಂಧನದ ಕಾರಣ ಬರೆದುಕೊಟ್ಟ ಕಾಗದ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಲ್ಲಾ ಅಪರಾಧಗಳಿಗೂ ಕಡ್ಡಾಯ ಮಾಡಿದೆ: ಕಾರಣ ಬರಹದಲ್ಲಿರಬೇಕು, ಬಂಧಿತನಿಗೆ ಅರ್ಥವಾಗೋ ಭಾಷೆಯಲ್ಲಿರಬೇಕು. ಹಿಡಿದ ತಕ್ಷಣ ಕೊಡಲು ಆಗದಿದ್ದರೂ ರಿಮಾಂಡ್‌ಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮುಂಚೆ ಕೈಗೆ ಸಿಗಬೇಕು. ತಮ್ಮನಿಗೆ ತೆಲುಗು ಬರಲ್ಲ ಅಂದ್ರೆ ಅದನ್ನು ಅಲ್ಲೇ ಹೇಳಿ, ಆದೇಶದಲ್ಲಿ ದಾಖಲಾಗಲಿ. ಮೈಮೇಲೆ ಗಾಯವಿದ್ದರೆ ಅದನ್ನೂ.

ಪೊಲೀಸರು ತನಿಖೆಯನ್ನು ದಿನದಿನ ಬರೆದಿಡೋ ಕೇಸ್ ಡೈರಿಯನ್ನು ನಿಮಗೆ ತೋರಿಸಲ್ಲ, ಅದಕ್ಕೆ ಜಗಳವಾಡಿ ಸಮಯ ಕಳೀಬೇಡಿ. ಅದನ್ನು ನೋಡಬೇಕಾದ್ದು ಮ್ಯಾಜಿಸ್ಟ್ರೇಟ್.

ಇನ್ನು ಬೇಲ್. ಸಾಮಾನ್ಯವಾಗಿ ಈ ಹಂತದಲ್ಲಿ "ಅಲ್ಲಿಗೇ ಹೋಗಿ ಕೇಳಿ" ಅಂತಾರೆ. ವಾರಂಟ್ ಮೇಲೆ ಹಿಡಿದಿದ್ದರೆ ಮಾತು ಬೇರೆ, ಜಾಮೀನು ಸಿಗೋ ಅಪರಾಧಕ್ಕೆ ಇಲ್ಲೇ ಭದ್ರತೆ ಕೊಟ್ಟು ಬಿಡಿಸಬಹುದು. ಬೇರೆ ರಾಜ್ಯದ ಕೇಸಿಗೆ ಇಲ್ಲಿನ ಕೋರ್ಟಲ್ಲೇ ಸ್ವಲ್ಪ ದಿನದ ಮಟ್ಟಿಗೆ ಪಡೆಯೋ ಟ್ರಾನ್ಸಿಟ್ ನಿರೀಕ್ಷಣಾ ಜಾಮೀನು ಅಂತಲೂ ನೀವು ಕೇಳಿರಬಹುದು. ಅದು ಬಂಧನಕ್ಕೆ ಮುಂಚೆ ಮಾತ್ರ. ನಿಮಗೆ ಆ ಬಾಗಿಲು ಮುಚ್ಚಿದೆ.

ಹಾಗಾಗಿ ಇವತ್ತೇ ಹೈದರಾಬಾದಿನಲ್ಲಿ ಒಬ್ಬ ವಕೀಲರನ್ನು ಗೊತ್ತು ಮಾಡಿ. ಆದೇಶದ ಪ್ರತಿ ಸಿಕ್ಕ ಕೂಡಲೇ ಫೋಟೋ ತೆಗೆದು ಅವರಿಗೆ ಕಳಿಸಿ. ಯಾವ ಕೋರ್ಟಿಗೆ, ಯಾವ ದಿನದೊಳಗೆ ಹಾಜರುಪಡಿಸಬೇಕು ಅಂತ ಅದರಲ್ಲೇ ಇರುತ್ತೆ.